ರಬ್ಬರ್ ಗಿಡದ ಎಲೆಗೆ ಎಣ್ಣೆನೂ ಬೇಡ, ಸ್ಪ್ರೇನೂ ಬೇಡ

"ಹಾಲ್‌ನಲ್ಲಿರೋ ರಬ್ಬರ್ ಗಿಡದ ಎಲೆ ಮೇಲೆ ವಾರಕ್ಕೇ ಧೂಳು ಕೂರುತ್ತೆ. ಹೊಳಪಿನ ಸ್ಪ್ರೇ ಹೊಡೀಬಹುದಾ, ಇಲ್ಲ ಕೊಬ್ಬರಿ ಎಣ್ಣೆ ಸಾಕಾ?"

ಎರಡನ್ನೂ ಮುಟ್ಟಬೇಡಿ. ನಾನೂ ಒಮ್ಮೆ ಕೊಬ್ಬರಿ ಎಣ್ಣೆ ಸವರಿದ್ದೆ. ಎರಡು ದಿನ ಫಳಫಳ ಅಂತಿತ್ತು. ಆಮೇಲೆ ಜಿಡ್ಡಿಗೆ ಧೂಳು ಅಂಟಿ ಬೂದು ಬಣ್ಣದ ಪದರವೇ ಕಟ್ಟಿತು. ಅದನ್ನ ತೆಗೆಯೋಕೆ ಧೂಳಿಗಿಂತ ಹೆಚ್ಚು ಒದ್ದಾಡಿದೆ.

ಹೊಳಪಿನ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಎಣ್ಣೆ ಅಥವಾ ಮೇಣ ಇರುತ್ತೆ. ರಬ್ಬರ್ ಗಿಡದ ಉಸಿರಾಟದ ರಂಧ್ರಗಳಿರೋದು ಎಲೆಯ ಅಡಿಭಾಗದಲ್ಲಿ. ಸ್ಪ್ರೇ ಹನಿ ಕೆಳಗೂ ತಲುಪಿದರೆ ಅವು ಮುಚ್ಚಿಕೊಳ್ಳಬಹುದು. ಎಣ್ಣೆ ಹಚ್ಚಿದ ಎಲೆಗೆ ನೇರ ಬಿಸಿಲು ಬಿದ್ದರೆ ಕಂದು ಕಲೆಯೂ ಬರಬಹುದು.

ಹಳೇ ಕಾಟನ್ ಬನಿಯನ್ ತುಂಡು ಸಾಕು. ಮೊದಲು ಒಣಬಟ್ಟೆಯಲ್ಲಿ ಧೂಳು ಕೊಡವಿ, ಇಲ್ಲದಿದ್ದರೆ ನೀರು ತಾಗಿ ಕೆಸರಾಗುತ್ತೆ. ಆಮೇಲೆ ಬಟ್ಟೆ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ, ಎಲೆ ಕೆಳಗೆ ಅಂಗೈ ಕೊಟ್ಟು, ತೊಟ್ಟಿನಿಂದ ತುದಿಯ ಕಡೆಗೆ ಒರೆಸಿ. ಅಡಿಭಾಗವನ್ನೂ ಒರೆಸಿ, ಬಟ್ಟೆಗೆ ಹತ್ತಿಯಂಥ ಬಿಳಿ ಅಂಟು ಬಂದರೆ ಹಿಟ್ಟು ತಿಗಣೆ ಇದೆ ಅಂತ ಅರ್ಥ. ತುದಿಯಲ್ಲಿ ಕೆಂಪು ಪೊರೆಯೊಳಗಿರೋ ಎಳೆ ಎಲೆಯನ್ನ ಬಿಟ್ಟುಬಿಡಿ, ಬೇಗ ಗಾಯವಾಗುತ್ತೆ.

ಒಣಗಿದ ಮೇಲೆ ಬಿಳಿ ಚುಕ್ಕೆ ಉಳಿದರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಮುಂದಿನ ಸಲ ಆರ್‌ಒ ಫಿಲ್ಟರ್ ನೀರೋ ಮಳೆನೀರೋ ಬಳಸಿ. ಆಫ್ರಿಕನ್ ವಯೊಲೆಟ್ ಥರ ರೋಮ ಇರೋ ಎಲೆಗೆ ಮಾತ್ರ ಒದ್ದೆ ಬಟ್ಟೆ ಬೇಡ, ಮೆತ್ತನೆ ಪೇಂಟ್ ಬ್ರಷ್ ಆಡಿಸಿ.