ತಟ್ಟೆ ತಳ್ಳಿದ ಮಾವ

“ವ್ಯಕ್ತಿತ್ವವನ್ನು ವಿವರಿಸುವ ಟ್ರೇಟ್, ಸೈಕೋಡೈನಮಿಕ್ ಸಿದ್ಧಾಂತ ಎರಡಕ್ಕೂ ಮನೆಯ ಒಂದೇ ಉದಾಹರಣೆ ಸಾಕಾ?”

ಸಾಕು. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಮಾಲೀಕರು ಎಲ್ಲರೆದುರು ಬೈದಾಗ ನಮ್ಮ ಮಾವ ತಲೆ ತಗ್ಗಿಸಿ ನಿಂತರು. ಸಂಜೆ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ತಳ್ಳಿದರು.

ಟ್ರೇಟ್ ನೋಟ ಹುಡುಕುವುದು ಬದಲಾಗದೆ ಉಳಿಯುವ ಸ್ವಭಾವವನ್ನು, ಅದಕ್ಕೆ ಒಂದು ಸಂಜೆ ಸಾಲದು. ತಿಂಗಳುಗಟ್ಟಲೆ ಮಿಲ್, ಬಸ್, ಮದುವೆಮನೆ ಎಲ್ಲೆಡೆ ಸಿಡುಕಿದರೆ ಮಾತ್ರ ನ್ಯೂರಾಟಿಸಿಸಂ, ಅಂದರೆ ಬೇಗನೆ ಸಿಡುಕುವ, ಕಳವಳಗೊಳ್ಳುವ ಗುಣ, ಜಾಸ್ತಿ ಅನ್ನಬಹುದು. ಸೈಕೋಡೈನಮಿಕ್ ನೋಟಕ್ಕೆ ಬುನಾದಿ ಹಾಕಿದ ಫ್ರಾಯ್ಡ್ ದಾರಿ ಬೇರೆ. ಮಾಲೀಕರ ಮೇಲೆ ತೋರಿಸಲಾಗದ ಸಿಟ್ಟು ಅರಿವಿಲ್ಲದೆ ತಟ್ಟೆಯತ್ತ ತಿರುಗಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ವಾ, ಅದೇ ಡಿಸ್‌ಪ್ಲೇಸ್‌ಮೆಂಟ್.

‘ಸಿಡುಕ, ಅದಕ್ಕೇ ಸಿಡುಕಿದ’ ಎಂದು ಸುಮ್ನೆ ಬರೆಯಬೇಡಿ, ಅದು ಕಾರಣವಲ್ಲ. ಇನ್ನು ಮಾವ ಸುಮ್ಮನಿದ್ದಿದ್ದರೂ ಫ್ರಾಯ್ಡ್ ಕಡೆಯವರು ‘ಸಿಟ್ಟು ಅದುಮಿಟ್ಟರು’ ಎನ್ನಬಹುದಿತ್ತು. ಹಾಗಾಗಿ ಆ ವಿವರಣೆ ತಪ್ಪೆಂದು ತೋರಿಸುವುದೇ ಕಷ್ಟ.