ಪ್ರಶ್ನೆ ಚಿಹ್ನೆ ಮರೆಯುವ ಎರಡನೇ ಕ್ಲಾಸಿಗೆ

"ತಪ್ಪು ಹುಡುಕಲು ಇಂಗ್ಲಿಷ್ ವಾಕ್ಯ ಕೊಟ್ಟರೆ ಮಕ್ಕಳು ಎಲ್ಲದಕ್ಕೂ ಫುಲ್‌ಸ್ಟಾಪ್ ಹಾಕ್ತಾರೆ. ಏನು ಮಾಡಲಿ?"

ಟೀಚರ್, ಉಡುಪಿಯಲ್ಲಿ ನನ್ನ ಕ್ಲಾಸಿನಲ್ಲೂ ಹೀಗೇ ಆಗುತ್ತಿತ್ತು. ನಾನು ಬೋರ್ಡಿನಲ್ಲಿ ಬರೆದ ವಾಕ್ಯ ಇದು:

```
is ravi going to malpe
```

"ನಾಲ್ಕು ತಪ್ಪಿದೆ" ಎಂದು ಮೊದಲೇ ಹೇಳಿ. ಇಲ್ಲದಿದ್ದರೆ ಒಂದು ಸಿಕ್ಕ ಕೂಡಲೇ ನಿಲ್ಲಿಸುತ್ತಾರೆ. ಮೊದಲಕ್ಷರ ದೊಡ್ಡದಾಗಬೇಕು ಅಂತ ಬೇಗ ಹೇಳುತ್ತಾರೆ. ರವಿ, ಮಲ್ಪೆ ಬಿಟ್ಟುಹೋಗುತ್ತವೆ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ, ಅಲ್ವಾ? "ಇಲ್ಲಿ ಹೆಸರು ಯಾವುದು?" ಎಂದು ಕೇಳಿ, ಅದಕ್ಕೆ ಗೆರೆ ಎಳೆಸಿ.

ಕೊನೆಯ ಚಿಹ್ನೆಯೇ ಕಷ್ಟ. `where`, `what` ಇದ್ದರೆ ಮಾತ್ರ ಪ್ರಶ್ನೆ ಅಂತ ಮಕ್ಕಳು ತಿಳಿದಿರುತ್ತಾರೆ. `is` ಮುಂದೆ ಬಂದರೆ ಗೊತ್ತಾಗುವುದಿಲ್ಲ. ಆಗ ಅದನ್ನೇ ಕನ್ನಡದಲ್ಲಿ ಹೇಳಿಸಿ: "ರವಿ ಮಲ್ಪೆಗೆ ಹೋಗ್ತಿದ್ದಾನಾ?" ಕೊನೆಯ 'ಆ' ಕಿವಿಗೆ ಬಿದ್ದರೆ ಪ್ರಶ್ನೆ. "ಹೋಗ್ತಿದ್ದಾನೆ" ಅಂದರೆ ಫುಲ್‌ಸ್ಟಾಪ್. ನನ್ನ ಮಕ್ಕಳಿಗೆ ಇದೇ ಜಾಸ್ತಿ ಉಪಯೋಗವಾಯಿತು.

ಐದು ವಾಕ್ಯ ಕೊಟ್ಟರೆ ಒಂದು ಪೂರ್ತಿ ಸರಿ ಇರಲಿ. ಇಲ್ಲದಿದ್ದರೆ ಸುಮ್ನೆ ಎಲ್ಲ ಪದಕ್ಕೂ ದೊಡ್ಡಕ್ಷರ ಹಾಕಲು ಶುರು ಮಾಡುತ್ತಾರೆ. ತಿದ್ದಿದ ವಾಕ್ಯವನ್ನು ಪುಸ್ತಕದಲ್ಲಿ ಪೂರ್ತಿ ಬರೆಸಿ. ಬೋರ್ಡಿನ ತಪ್ಪು ವಾಕ್ಯವನ್ನು ಕೂಡಲೇ ಅಳಿಸಿಬಿಡಿ. ಅದನ್ನೇ ನಕಲು ಮಾಡಿಕೊಳ್ಳುವ ಮಕ್ಕಳು ಇರುತ್ತಾರೆ.