ಒಬ್ಬರಿಗೆ ಮಾತ್ರ ಹೊಂದುವ ಆಟೋಗ್ರಾಫ್ ಸಾಲು

ಪ್ರಶ್ನೆ: ಶಾಲೆಯ ಕೊನೆಯ ದಿನಗಳು ಇವು. ಎಲ್ಲರೂ ಆಟೋಗ್ರಾಫ್ ಪುಸ್ತಕ ಕೊಡುತ್ತಿದ್ದಾರೆ, ನಾನು ಎಲ್ಲರಿಗೂ "ನನ್ನನ್ನು ಮರೆಯಬೇಡ, ಶುಭವಾಗಲಿ" ಎಂದೇ ಬರೆಯುತ್ತಿದ್ದೇನೆ. ಪ್ರೀತಿಯೂ ತಮಾಷೆಯೂ ಇರುವ ಸಾಲು ಬರೆಯುವುದು ಹೇಗೆ?

ಉತ್ತರ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಮಕ್ಕಳು ಇಂಥ ಪುಸ್ತಕಗಳನ್ನು ತಂದು ಮೇಜಿನ ಮೇಲಿಡುತ್ತಾರೆ, ನನ್ನ ಸರದಿ ಬರುವ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟು ಪುಟಗಳು ತುಂಬಿರುತ್ತವೆ. ಹಾಗೆ ಓದಿದ ಸಾಲುಗಳಲ್ಲಿ ಮನಸ್ಸಿನಲ್ಲಿ ಉಳಿದವೆಲ್ಲವೂ ಒಂದೇ ಜಾತಿಯವು: ಅವನ್ನು ಬೇರೆ ಯಾರ ಪುಸ್ತಕದಲ್ಲಿ ಬರೆದರೂ ಅರ್ಥ ಕೆಡುತ್ತದೆ. "ಶುಭವಾಗಲಿ" ಎಂಬ ಮಾತಿನಲ್ಲಿ ತಪ್ಪೇನೂ ಇಲ್ಲ, ಆದರೆ ಅದು ತರಗತಿಯ ಎಲ್ಲರಿಗೂ ಸಲ್ಲುವುದರಿಂದ ಯಾರೊಬ್ಬರಿಗೂ ವಿಶೇಷವಾಗಿ ಸಲ್ಲುವುದಿಲ್ಲ. ಆದುದರಿಂದ ಪ್ರಾಸವನ್ನು ಹುಡುಕುವ ಮೊದಲು ಆ ಗೆಳೆಯನ ಒಂದು ಅಭ್ಯಾಸವನ್ನೋ, ಒಂದು ವಸ್ತುವನ್ನೋ, ನಿಮ್ಮಿಬ್ಬರ ನಡುವೆ ನಡೆಯುತ್ತಿದ್ದ ಒಂದು ಸಣ್ಣ ವ್ಯವಹಾರವನ್ನೋ ನೆನಪಿಸಿಕೊಳ್ಳಿ. ಗುಣವನ್ನು ಹುಡುಕಬೇಡಿ, "ನೀನು ಒಳ್ಳೆಯವನು" ಎಂಬಲ್ಲಿಗೆ ಬಂದು ಲೇಖನಿ ನಿಂತುಬಿಡುತ್ತದೆ.

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ನಿಮ್ಮ ಪಕ್ಕದಲ್ಲಿ ಕೂರುವವನು ದಿನವೂ ನಿಮ್ಮ ರಬ್ಬರನ್ನು ಪಡೆದು, ಪ್ರತಿ ಸಲವೂ ಇನ್ನಷ್ಟು ಸವೆಸಿ ಹಿಂದಿರುಗಿಸುತ್ತಿದ್ದ ಎಂದಿಟ್ಟುಕೊಳ್ಳಿ. ಮೊದಲು ಹೊಳೆಯುವ ಸಾಲು ಹೀಗಿರಬಹುದು: "ನನ್ನ ರಬ್ಬರು ಕದ್ದ ಕಳ್ಳಾ, ನಿನ್ನನ್ನು ಮರೆಯಲಾರೆ." ನಿಮ್ಮಿಬ್ಬರಿಗೆ ಇದು ನಗು ತರುತ್ತದೆ, ನಿಜ. ಆದರೆ ಹಿನ್ನೆಲೆ ಗೊತ್ತಿಲ್ಲದವರು ಆ ಪುಟವನ್ನು ತೆರೆದಾಗ ಎದ್ದು ಕಾಣುವುದು "ಕಳ್ಳ" ಎಂಬ ಪದವೊಂದೇ. ಸಾಲದ್ದಕ್ಕೆ, ತಮಾಷೆಯೂ ಪ್ರೀತಿಯೂ ಇಲ್ಲಿ ಬೇರೆಬೇರೆಯಾಗಿಯೇ ಉಳಿದಿವೆ. ಮೊದಲರ್ಧ ರೇಗಿಸುತ್ತದೆ, ಎರಡನೆಯ ಅರ್ಧ ಎಲ್ಲರಿಗೂ ಹೇಳುವ ಮಾತನ್ನೇ ಹೇಳುತ್ತದೆ. ತಮಾಷೆಗೆ ಕಾರಣವಾದ ವಸ್ತುವೇ ಪ್ರೀತಿಯನ್ನೂ ಹೇಳಬೇಕು. ರಬ್ಬರಿನ ಅರ್ಧ ಭಾಗ ಹಿಂದೆ ಬರಲಿಲ್ಲವಷ್ಟೆ. ಅದರ ಬದಲಿಗೆ ನಿಮಗೆ ಏನು ಸಿಕ್ಕಿತು ಎಂದು ಕೇಳಿಕೊಂಡರೆ ಎರಡನೆಯ ಸಾಲು ತಾನಾಗಿ ಬರುತ್ತದೆ:

ಅಳಿಸಲು ಕೊಟ್ಟ ರಬ್ಬರು ಅರ್ಧವಾಗಿ ಬಂದಿತು,
ಉಳಿದ ಅರ್ಧದ ಬದಲಿಗೆ ನಿನ್ನ ನಂಟು ಸಂದಿತು.

ಇಲ್ಲಿ ದೂರು ಸಾಲವಾಯಿತು, ಸಾಲವು ನಂಟಿನಿಂದ ತೀರಿತು. ಕಿವಿಗೆ ಇದು ಹಿತವಾಗುವುದಕ್ಕೂ ಕಾರಣಗಳಿವೆ. "ಅಳಿಸಲು", "ಉಳಿದ" ಎಂಬ ಪದಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನವಿರುವುದರಿಂದ ಆದಿಪ್ರಾಸ ಕೂಡುತ್ತದೆ, "ಬಂದಿತು", "ಸಂದಿತು" ಎಂಬಲ್ಲಿ ಅಂತ್ಯಪ್ರಾಸ ಕೂಡುತ್ತದೆ, ಮಾತ್ರೆಗಳನ್ನು ಎಣಿಸಿದರೆ ಎರಡೂ ಸಾಲುಗಳಿಗೆ 21 ಸಿಗುತ್ತವೆ. ನೀವು ಬರೆಯುವಾಗ ಮಾತ್ರೆ ಎಣಿಸುತ್ತ ಕೂರಬೇಕಾಗಿಲ್ಲ. ಎರಡು ಸಾಲುಗಳನ್ನೂ ಬೆರಳಿನಿಂದ ತಾಳ ಹಾಕುತ್ತ ಗಟ್ಟಿಯಾಗಿ ಓದಿ, ಎಲ್ಲಿ ನಾಲಗೆ ಎಡವುತ್ತದೆಯೋ ಅಲ್ಲಿ ಒಂದು ಪದವನ್ನು ತೆಗೆದುಹಾಕಿ. ನಾನೂ ಮೊದಲು "ನಿನ್ನ ಅಮೂಲ್ಯವಾದ ನಂಟು" ಎಂದು ಬರೆದಿದ್ದೆ. ಆ ಗುಣವಾಚಕ ಹೋದ ಮೇಲೆಯೇ ಸಾಲಿಗೆ ನಡಿಗೆ ಬಂದಿತು. ಪ್ರಾಸಕ್ಕಾಗಿ ಸುಳ್ಳು ಹೇಳಬೇಕಾಗಿ ಬಂದರೆ ಪ್ರಾಸವನ್ನೇ ಬಿಟ್ಟುಬಿಡಿ, ಏಕೆಂದರೆ ಗದ್ಯದ ಒಂದು ಒಳ್ಳೆಯ ವಾಕ್ಯ ಈ ಪುಸ್ತಕಗಳಲ್ಲಿ ಪದ್ಯಕ್ಕಿಂತ ಕಡಿಮೆಯದೇನಲ್ಲ.

ತರಗತಿಯಲ್ಲಿ ಸದಾ ಮಾತನಾಡುತ್ತಿದ್ದವನಿಗೆ ನಾನು ಗದ್ಯದಲ್ಲಿ ಹೀಗೆ ಬರೆಯುತ್ತೇನೆ: "ಗದ್ದಲಕ್ಕಾಗಿ ನಿನ್ನನ್ನು ಬೈದವರೆಲ್ಲರೂ ಇನ್ನು ಮುಂದೆ ನಿಶ್ಶಬ್ದಕ್ಕಾಗಿಯೂ ನಿನ್ನನ್ನೇ ಬೈಯಲಿದ್ದಾರೆ." ಮಾತುಗಾರ ಎಂಬ ಆಪಾದನೆ ಹಾಗೆಯೇ ಇದೆ, ಆದರೆ ಅವನಿಲ್ಲದ ತರಗತಿ ಹೇಗಿರುತ್ತದೆ ಎಂಬುದೂ ಅದರೊಳಗೇ ಸೇರಿಕೊಂಡಿದೆ.

ಅತ್ಯಂತ ಕಷ್ಟವಾಗುವುದು ಆಪ್ತ ಗೆಳತಿಯ ಪುಟ, ಏಕೆಂದರೆ ಅಲ್ಲಿ ಹೇಳುವುದು ಬಹಳ ಇರುತ್ತದೆ. ಎಲ್ಲವನ್ನೂ ತುಂಬಲು ಹೋದವರ ಪುಟಗಳು ಅಂಚಿನವರೆಗೂ ಹರಿದು, ಕೊನೆಗೆ ಅಕ್ಷರಗಳು ಇರುವೆಯಷ್ಟಾಗಿ, ಓದುವುದಕ್ಕೇ ಆಗುವುದಿಲ್ಲ. ಒಂದೇ ಘಟನೆಯನ್ನು ಆರಿಸಿ, ಅದರಲ್ಲಿಯೂ ಸಾಧ್ಯವಾದರೆ ಜಗಳದ ದಿನವನ್ನು ಆರಿಸಿ. ಸ್ನೇಹದ ಗಟ್ಟಿತನ ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಹುಟ್ಟುಹಬ್ಬದ ದಿನ ಕಾಣುವುದಿಲ್ಲ. "ಟೂ ಬಿಟ್ಟ ದಿನವೂ ಬೆಂಚಿನಲ್ಲಿ ನನಗೆ ಜಾಗ ಬಿಟ್ಟವಳೇ, ಮುಂದೆ ಎಲ್ಲಿ ಕುಳಿತರೂ ಸ್ವಲ್ಪ ಸರಿದು ಕೂರು." ಇಷ್ಟು ಸಾಕು. ಉಳಿದುದನ್ನು ಪತ್ರದಲ್ಲಿ ಬರೆಯಬಹುದು.

ಹೆಚ್ಚು ಮಾತೇ ಆಡದ ಸಹಪಾಠಿಯೂ ಪುಸ್ತಕ ಕೊಡುತ್ತಾನೆ. ಅಲ್ಲಿ ಇಲ್ಲದ ಸಲಿಗೆಯನ್ನು ನಟಿಸಿದರೆ ಅವನಿಗೆ ತಕ್ಷಣ ಗೊತ್ತಾಗುತ್ತದೆ. ನೀವು ನಿಜವಾಗಿ ಗಮನಿಸಿದ್ದು ಎಷ್ಟೇ ಚಿಕ್ಕದಾಗಿರಲಿ, ಅದನ್ನೇ ಬರೆಯಿರಿ: "ಹಾಜರಿ ಕರೆಯುವಾಗ ನನ್ನ ಹೆಸರಿನ ಬೆನ್ನಿಗೇ ನಿನ್ನ ಹೆಸರು ಬರುತ್ತಿತ್ತು. ಇನ್ನು ಯಾರು ನನ್ನ ಹೆಸರು ಕರೆದರೂ, ನಿನ್ನ ದನಿಗಾಗಿ ಒಂದು ಕ್ಷಣ ಕಾಯುತ್ತೇನೆ." ಇಂಥ ಸಾಲು ಸಿಕ್ಕವರು, ತಮ್ಮನ್ನು ಯಾರೋ ಗಮನಿಸಿದ್ದರು ಎಂದು ತಿಳಿದು ಎಷ್ಟು ಸಂತೋಷಪಡುತ್ತಾರೆಂದರೆ, ನಾನು ಆಪ್ತರ ಪುಟಕ್ಕಿಂತ ಈ ಪುಟಕ್ಕೆ ಹೆಚ್ಚು ಸಮಯ ಕೊಡಿ ಎಂದೇ ಮಕ್ಕಳಿಗೆ ಹೇಳುತ್ತೇನೆ.

ತಮಾಷೆ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು. ಈ ಪುಸ್ತಕ ಒಬ್ಬರಿಗೆ ಸೇರಿದ್ದಾದರೂ ಒಬ್ಬರೇ ಓದುವಂಥದ್ದಲ್ಲ. 16ನೇ ಶತಮಾನದಲ್ಲಿ ಜರ್ಮನ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಗುರುಗಳಿಂದಲೂ ಗೆಳೆಯರಿಂದಲೂ ಬರೆಸಿಕೊಳ್ಳುತ್ತಿದ್ದ ಸ್ನೇಹಪುಸ್ತಕಗಳು ಸಹ ಹೊಸಬರ ಮುಂದೆ ತೆರೆದು ತೋರಿಸುವಂಥವೇ ಆಗಿದ್ದವು. ನಿಮ್ಮ ನಂತರ ಬರೆಯುವವರೆಲ್ಲರೂ ನಿಮ್ಮ ಪುಟವನ್ನು ತಿರುವಿ ನೋಡುತ್ತಾರೆ, ಸಂಜೆ ಮನೆಯವರೂ ನೋಡುತ್ತಾರೆ. ಆದ್ದರಿಂದ ಮೈಬಣ್ಣ, ದಪ್ಪ, ಕುಳ್ಳು, ಅಂಕಗಳು, ಯಾರ ಹೆಸರಿನ ಜೊತೆಗೋ ಹೆಸರು ಸೇರಿಸಿ ರೇಗಿಸುವುದು, ಇವುಗಳಲ್ಲಿ ಯಾವುದೂ ಬೇಡ. ಅಡ್ಡಹೆಸರಿನ ವಿಷಯದಲ್ಲಿ ನನ್ನ ಅಳತೆ ಸರಳವಾಗಿದೆ: ಆ ಹೆಸರಿನಿಂದ ಕರೆದಾಗ ಅವನು ನಗುತ್ತ ತಿರುಗುತ್ತಿದ್ದನೇ ಅಥವಾ ಸುಮ್ಮನೆ ತಿರುಗುತ್ತಿದ್ದನೇ ಎಂದು ನೆನಪಿಸಿಕೊಳ್ಳಿ. ಸುಮ್ಮನೆ ತಿರುಗುತ್ತಿದ್ದರೆ ಅದನ್ನು ಬರೆಯಬೇಡಿ. ಮಾತನ್ನು ನಾಳೆ ತಿದ್ದಬಹುದು, ಮತ್ತೊಬ್ಬರ ಪುಸ್ತಕದಲ್ಲಿ ಶಾಯಿಯಿಂದ ಬರೆದದ್ದನ್ನು ತಿದ್ದಲಾಗದು.

ಮೊದಲು ಬೇರೆ ಹಾಳೆಯ ಮೇಲೆ ಬರೆದು ನೋಡಿ, ಮರುದಿನವೂ ಹಿಡಿಸಿದರೆ ಪುಸ್ತಕಕ್ಕೆ ಇಳಿಸಿ. ಹಾಳೆ ತೆಳುವಾಗಿದ್ದರೆ ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿದು ಬೇರೊಬ್ಬರ ಸಾಲನ್ನು ಕೆಡಿಸುತ್ತದೆ, ಬಾಲ್ ಪೆನ್ ಒಳ್ಳೆಯದು. ಸಾಲಿನ ಕೆಳಗೆ ಬರೀ ಸಹಿ ಹಾಕಬೇಡಿ. ಪೂರ್ಣ ಹೆಸರು, ಗೆಳೆಯರು ಕರೆಯುವ ಹೆಸರು, ತರಗತಿ, ತಾರೀಖು ಇಷ್ಟನ್ನು ಬಿಡಿಸಿ ಬರೆಯಿರಿ.